ಅಳಬಾರದ ತಂದೆ

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂಬ ಗಾದೆಯೊಂದು ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಹೆಂಗಸಿನ ನಗುವನ್ನು ಶಂಕಿಸುವ ಅರ್ಧವನ್ನು ವಿದ್ಯಾವಂತರು ಈಗ ನಾಚಿಕೆಯಿಂದ ಕೈಬಿಟ್ಟಿದ್ದಾರೆ. ಆದರೆ ಉಳಿದರ್ಧವು ಇಂದಿಗೂ ನಮ್ಮ ಮನೆಗಳಲ್ಲಿಯೂ ದವಾಖಾನೆಗಳಲ್ಲಿಯೂ ನಿರಾತಂಕವಾಗಿ ಆಳುತ್ತಲಿದೆ. ಅದಕ್ಕೆ ತೆರುತ್ತಿರುವ ದಂಡವೇನೆಂಬುದನ್ನು ಒಂದು ಉದಾಹರಣೆಯಿಂದ ವಾಚಕರ ಮುಂದಿಡಬೇಕೆಂದು ನಾವು ಬಯಸುತ್ತೇವೆ.

ನಮಗೆ ಪರಿಚಿತನಾದ ಒಬ್ಬ ತರುಣನು ಹುಬ್ಬಳ್ಳಿಯಲ್ಲಿ ಗುಮಾಸ್ತನಾಗಿದ್ದಾನೆ. ಅವನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಪದ್ಧತಿಯಂತೆ ಹಾವೇರಿ ಜಿಲ್ಲೆಯಲ್ಲಿರುವ ತವರಿಗೆ ಹೋದಳು. ಹೆರಿಗೆಯು ಶಸ್ತ್ರಕ್ರಿಯೆಯಿಂದಾಯಿತು, ಅದಕ್ಕಾಗಿ ಸಾಲವೂ ಆಯಿತು. ಬಾಣಂತನ ಮುಗಿದು ಮೂರು ತಿಂಗಳ ಕೂಸಿನೊಡನೆ ಆಕೆ ಗಂಡನ ಮನೆಗೆ ಮರಳಿದಳು. ಅಲ್ಲಿಂದ ಮುಂದೆ ಈ ತರುಣನ ರೀತಿ ಬದಲಾಯಿತು. ಕೆಲಸವಿಲ್ಲದಿದ್ದರೂ ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲಿ ಕುಳಿತಿರುವನು. ಮನೆಗೆ ಬಂದರೆ ಸಣ್ಣ ಮಾತಿಗೂ ಸಿಡಿಮಿಡಿಗೊಳ್ಳುವನು. ಕೂಸನ್ನು ಎತ್ತಿಕೊಳ್ಳೆಂದರೆ ಏನಾದರೊಂದು ನೆಪ ಹೇಳುವನು. ವಾರಕ್ಕೊಮ್ಮೆ ಇದ್ದ ಕುಡಿತವು ದಿನದ ಮಾತಾಯಿತು. ಅವನ ತಾಯಿ ಒಂದು ದಿನ, “ನಿಮ್ಮಪ್ಪ ಆರು ಮಕ್ಕಳನ್ನ ಸಾಕಿದರು, ಒಂದು ದಿನಾನೂ ಹಿಂಗ ಮಾರಿ ಸಣ್ಣ ಮಾಡಿಕೊಂಡು ಕೂತವರಲ್ಲ,” ಎಂದಳು. ಅಂದಿನಿಂದ ಅವನು ಇದ್ದ ಮಾತನ್ನೂ ನಿಲ್ಲಿಸಿದನು.

ಅವನು ವೈದ್ಯರ ಬಳಿಗೆ ಹೋಗಲಿಲ್ಲವೆಂದಲ್ಲ. ಮೂರು ಸಲ ಹೋದನು. ಮೊದಲು ಎದೆಯುರಿಯೆಂದನು, ಬಳಿಕ ತಲೆನೋವೆಂದನು, ಕೊನೆಗೆ ಮೈಯಲ್ಲಿ ಕಸುವಿಲ್ಲವೆಂದನು. ಒಂದೊಂದಕ್ಕೂ ಒಂದೊಂದು ಗುಳಿಗೆ ದೊರೆಯಿತು. ಮನೆಯಲ್ಲಿ ಹೊಸ ಕೂಸಿದೆಯೇ, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ಯಾರೂ ಕೇಳಲಿಲ್ಲ. ತಾನಾಗಿ ಹೇಳಲು ಅವನಿಗೂ ಬಾಯಿ ಬರಲಿಲ್ಲ. ದುಃಖವನ್ನು ದೇಹದ ನೋವಾಗಿಯೂ, ಕೋಪವಾಗಿಯೂ, ಅತಿಯಾದ ದುಡಿಮೆಯಾಗಿಯೂ, ಕುಡಿತವಾಗಿಯೂ ತೋರಿಸಿದರೆ ಲೋಕವು ಗಂಡಸನ್ನು ಒಪ್ಪುತ್ತದೆ. ಕಣ್ಣೀರಾಗಿ ತೋರಿಸಿದರೆ ಒಪ್ಪುವುದಿಲ್ಲ. ಆದುದರಿಂದ ರೋಗವು ಲೋಕವೊಪ್ಪುವ ವೇಷವನ್ನೇ ಧರಿಸಿಕೊಂಡು ಬರುತ್ತದೆ. ಮನೆಯವರು ಆ ವೇಷವನ್ನು ದುರ್ಗುಣವೆಂದು ಬಗೆಯುತ್ತಾರೆ; ವೈದ್ಯರು ಅದನ್ನು ಹೊಟ್ಟೆಯ ಬೇನೆಯೆಂದು ಬಗೆಯುತ್ತಾರೆ.

ನಾಲ್ಕನೆಯ ಸಲ ಅವನು ಕಂಡ ವೈದ್ಯೆಯೊಬ್ಬರು ಅವನ ಕೈಗೆ ಹತ್ತು ಪ್ರಶ್ನೆಗಳ ಒಂದು ಹಾಳೆಯನ್ನು ಕೊಟ್ಟರು. ಇದು 1987ರಲ್ಲಿ ಎಡಿನ್‌ಬರೋ ನಗರದ ಹೆಸರಿನಲ್ಲಿ ಬಾಣಂತಿಯರಿಗಾಗಿ ಪ್ರಕಟವಾದ ಪ್ರಶ್ನಾವಳಿ. ಕಳೆದ ಏಳು ದಿನಗಳಲ್ಲಿ ಮನಸ್ಸು ಹೇಗಿತ್ತೆಂದು ಇದು ಕೇಳುತ್ತದೆ; ಪ್ರತಿ ಉತ್ತರಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ನಮ್ಮ ತರುಣನು ತನ್ನನ್ನು ತಾನೇ ಅಕಾರಣವಾಗಿ ಹಳಿದುಕೊಂಡುದಕ್ಕೆ 2, ಕೆಲಸಗಳು ತಲೆಯ ಮೇಲೆ ಬಿದ್ದಂತೆನಿಸಿದುದಕ್ಕೆ 2, ಮುಂದಿನ ದಿನಗಳ ಬಗೆಗೆ ಉತ್ಸಾಹ ಕುಂದಿದುದಕ್ಕೆ 1, ನಿದ್ದೆಗೆಟ್ಟುದಕ್ಕೆ 1, ದುಃಖವೆನಿಸಿದುದಕ್ಕೆ 1, ಹೀಗೆ ಒಟ್ಟು 7 ಅಂಕಗಳನ್ನು ಪಡೆದನು. ಅತ್ತುದುಂಟೇ ಎಂಬ ಪ್ರಶ್ನೆಗೆ ಅವನು ಬರೆದುದು ಸೊನ್ನೆ.

ಆ ಸೊನ್ನೆಯಲ್ಲಿಯೇ ನಮ್ಮ ವಿಷಯದ ತಿರುಳಿದೆ. 2001ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದೇ ಪ್ರಶ್ನಾವಳಿಯನ್ನು ತಂದೆಯರಲ್ಲಿ ಪರೀಕ್ಷಿಸಿದರು. ಖಿನ್ನತೆಯನ್ನಾಗಲಿ ಆತಂಕವನ್ನಾಗಲಿ ಗುರುತಿಸಲು ತಾಯಂದಿರಲ್ಲಿ 8 ಅಂಕಗಳ ಗಡಿಯು ತಕ್ಕದ್ದಾದರೆ, ತಂದೆಯರಲ್ಲಿ 6 ಅಂಕಗಳ ಗಡಿಯೇ ತಕ್ಕದ್ದೆಂದು ಅವರು ಕಂಡುಕೊಂಡರು. ಗಂಡಸರು ಅಳುವನ್ನು ಒಪ್ಪಿಕೊಳ್ಳುವುದು ಕಡಿಮೆ. ಆದಕಾರಣ ಅಷ್ಟೇ ಸಂಕಟಕ್ಕೆ ಅವರ ಅಂಕ ಕಡಿಮೆ ಬೀಳುತ್ತದೆ. ತಾಯಂದಿರ ಅಳತೆಗೋಲಿನಲ್ಲಿ ನಮ್ಮ ತರುಣನು ಆರೋಗ್ಯವಂತ. ತಂದೆಯರ ಅಳತೆಗೋಲಿನಲ್ಲಿ ಅವನು ಮುಂದಿನ ಪರೀಕ್ಷೆಗೆ ಅರ್ಹನಾದ ರೋಗಿ. ಅಂಕವೇ ರೋಗನಿರ್ಣಯವಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಗಡಿ ದಾಟಿದವನನ್ನು ವೈದ್ಯರು ಕೂರಿಸಿಕೊಂಡು ವಿವರವಾಗಿ ವಿಚಾರಿಸತಕ್ಕದ್ದು. ಆದರೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಆಲೋಚನೆ ಬಂದುದುಂಟೇ ಎಂಬ ಹತ್ತನೆಯ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರವಿದ್ದರೆ, ಒಟ್ಟು ಅಂಕವೆಷ್ಟೆಂದು ನೋಡುತ್ತ ಕೂಡದೆ ಅಂದೇ ವಿಚಾರಿಸಬೇಕು.

ಇದು ಒಬ್ಬನ ಕಥೆಯಲ್ಲ. ನಾನಾ ದೇಶಗಳ 43 ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಹೆಂಡತಿಯ ಗರ್ಭಧಾರಣೆಯಿಂದ ಕೂಸಿಗೆ ವರ್ಷ ತುಂಬುವವರೆಗಿನ ಕಾಲದಲ್ಲಿ ನೂರು ತಂದೆಯರಲ್ಲಿ ಸುಮಾರು ಹತ್ತು ಮಂದಿ ಖಿನ್ನತೆಗೆ ಒಳಗಾಗಿರುತ್ತಾರೆ. ಈ ಪ್ರಮಾಣವು ಕೂಸಿನ ಮೂರನೆಯ ತಿಂಗಳಿಂದ ಆರನೆಯ ತಿಂಗಳವರೆಗೆ ಎಲ್ಲಕ್ಕಿಂತ ಹೆಚ್ಚು. ತಾಯಿಯು ಖಿನ್ನಳಾಗಿರುವ ಮನೆಯಲ್ಲಿ ತಂದೆಯೂ ಖಿನ್ನನಾಗಿರುವ ಸಂಭವ ಅಧಿಕವೆಂಬುದೂ ಆ ಲೆಕ್ಕದಿಂದ ತಿಳಿದುಬಂದಿತು.

ಈ ಮೂರು ತಿಂಗಳೆಂಬ ಅವಧಿಯನ್ನು ನಮ್ಮ ನಾಡಿನ ಪದ್ಧತಿಯ ಪಕ್ಕದಲ್ಲಿಟ್ಟು ನೋಡೋಣ. ಬಾಣಂತಿಯು ತವರಿನಿಂದ ಹಿಂದಿರುಗುವುದು ಸಾಮಾನ್ಯವಾಗಿ ಆ ಹೊತ್ತಿಗೇ. ಅದುವರೆಗೆ ವಾರಕ್ಕೊಮ್ಮೆ ಕೂಸಿನ ಮುಖ ನೋಡಿ ಹೋಗುವ ಅತಿಥಿಯಾಗಿದ್ದವನು, ರಾತ್ರಿಯೆಲ್ಲ ಅಳುವ ಕೂಸಿಗೂ ದಣಿದ ಹೆಂಡತಿಗೂ ತೀರಿಸಬೇಕಾದ ಸಾಲಕ್ಕೂ ಒಮ್ಮೆಲೇ ಎದುರಾಗುತ್ತಾನೆ. ತವರಿನಲ್ಲಿ ಹತ್ತು ಕೈಗಳು ಕೂಸನ್ನು ಆಡಿಸುತ್ತಿದ್ದವು. ಎತ್ತಿಕೊಳ್ಳಲು ಇವನಿಗೆ ಯಾರೂ ಕಲಿಸಲಿಲ್ಲ. ಕೇಂದ್ರ ಸರಕಾರದ ನೌಕರನಾಗಿದ್ದರೆ ಪಿತೃತ್ವದ ರಜೆ 15 ದಿವಸ. ಹೆಚ್ಚಿನವರು ಅದನ್ನು ಹೆರಿಗೆಯ ವೇಳೆಗೇ ಮುಗಿಸಿರುತ್ತಾರೆ. ಆಶಾ ಕಾರ್ಯಕರ್ತೆಯು ನವಜಾತ ಶಿಶುವಿನ ಆರೈಕೆಗಾಗಿ ಮನೆಗೆ ಬರುವುದು 42ನೆಯ ದಿನದವರೆಗೆ; ಅದೂ ಬಾಣಂತಿಯಿರುವ ತವರಿಗೇ ಹೊರತು ಇವನಿರುವ ಮನೆಗಲ್ಲ.

ಇದನ್ನು ಗಂಡಸರ ಸ್ವಂತ ಸಂಕಟವೆಂದು ತಳ್ಳಿಹಾಕುವಂತೆಯೂ ಇಲ್ಲ. 2005ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕೂಸಿಗೆ ಎಂಟು ವಾರಗಳಾದಾಗ ಖಿನ್ನರಾಗಿದ್ದ ತಂದೆಯರ ಮಕ್ಕಳನ್ನು ಮೂರೂವರೆ ವರ್ಷದ ವಯಸ್ಸಿನಲ್ಲಿ ವಿಚಾರಿಸಿದರು. ತಾಯಿಯ ಖಿನ್ನತೆಯನ್ನು ಲೆಕ್ಕದಲ್ಲಿ ಬೇರ್ಪಡಿಸಿದ ಮೇಲೆಯೂ ಆ ಮಕ್ಕಳಲ್ಲಿ, ಅದರಲ್ಲಿಯೂ ಗಂಡುಮಕ್ಕಳಲ್ಲಿ, ನಡತೆಯ ತೊಂದರೆಗಳು ಹೆಚ್ಚಾಗಿದ್ದವು. ರಾಷ್ಟ್ರದ ಭವಿಷ್ಯವು ಮಕ್ಕಳಲ್ಲಿದೆಯೆಂದು ಸಭೆಗಳಲ್ಲಿ ಘೋಷಿಸುವ ನಾವು, ಆ ಮಕ್ಕಳು ಬೆಳೆಯುವ ಮನೆಯ ಅರ್ಧವನ್ನು ನೋಡದೆಯೇ ಇದ್ದೇವೆ.

ಇದಕ್ಕಾಗಿ ಹೊಸ ಇಲಾಖೆಯೇನೂ ಬೇಕಿಲ್ಲ. ರಾಷ್ಟ್ರೀಯ ಲಸಿಕಾ ಕ್ರಮದಲ್ಲಿ ಕೂಸಿಗೆ 6, 10 ಮತ್ತು 14 ವಾರಗಳಲ್ಲಿ ಲಸಿಕೆ ಹಾಕಿಸಬೇಕು. ಹದಿನಾಲ್ಕನೆಯ ವಾರವೆಂದರೆ ಮೂರು ತಿಂಗಳು ದಾಟಿದ ಹೊತ್ತು. ತಂದೆಯ ಗಂಡಾಂತರದ ಕಾಲ ಆಗಲೇ ಮೊದಲಾಗಿರುತ್ತದೆ. ಆ ದಿನ ತಂದೆಯೂ ಜೊತೆಯಲ್ಲಿ ಬರಲಿ. ದಾದಿಯು ಆ ಹತ್ತು ಪ್ರಶ್ನೆಗಳನ್ನು ಅವನಿಗೂ, ಮನೆಯವರಿಂದ ದೂರ ಕೂರಿಸಿ, ಕೇಳಲಿ. ಆರರ ಗಡಿಯನ್ನು ನೆನಪಿನಲ್ಲಿಟ್ಟುಕೊಳ್ಳಲಿ. ಬರಲಾರದವನು, ಅಥವಾ ಊರಿನವರ ಕಣ್ಣಿಗೆ ಅಂಜುವವನು, 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನಮ್ಮ ತರುಣನಿಗೆ ವೈದ್ಯೆಯು ವಾರಕ್ಕೊಮ್ಮೆ ಮಾತುಕತೆಗೆ ಬರಹೇಳಿದರು. ಕುಡಿತವನ್ನು ನಿಲ್ಲಿಸಲು ನೆರವಾದರು. ರಾತ್ರಿಯ ಪೂರ್ವಾರ್ಧದಲ್ಲಿ ಕೂಸಿನ ಹೊಣೆಯನ್ನು ಅವನಿಗೂ, ಉತ್ತರಾರ್ಧದಲ್ಲಿ ಹೆಂಡತಿಗೂ ಹಂಚಿ, ಇಬ್ಬರಿಗೂ ಬಿಡುವಿಲ್ಲದ ಕೆಲವು ತಾಸುಗಳ ನಿದ್ದೆ ದೊರೆಯುವಂತೆ ಮಾಡಿದರು. ಔಷಧವು ಕೆಲವರಿಗೆ ಬೇಕಾಗುತ್ತದೆ, ಇವನಿಗೆ ಬೇಕಾಗಲಿಲ್ಲ. ಎರಡನೆಯ ಭೇಟಿಯಲ್ಲಿ ಅವನು ಅತ್ತನು. ಆ ದಿನ ಅದೇ ಹಾಳೆಯನ್ನು ತುಂಬಿಸಿದ್ದರೆ ಅವನ ಅಂಕವು ಏರುತ್ತಿತ್ತು. ಆದರೂ ಅವನು ಗುಣವಾಗತೊಡಗಿದುದು ಅಂದಿನಿಂದಲೇ ಎಂದು ಅವನ ಹೆಂಡತಿ ಹೇಳುತ್ತಾಳೆ. ಅಳುವ ಗಂಡಸನ್ನು ನಂಬಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ನಮಗೆ ಬೇಕಿಲ್ಲ.