ಲೋಡ್ ಕಮ್ಮಿ, ಬಿಸಿ ಜಾಸ್ತಿ: ಟ್ರಾನ್ಸ್‌ಫಾರ್ಮರಿನ ಕೆ-ಫ್ಯಾಕ್ಟರ್ ಲೆಕ್ಕ

ಕಂಪ್ಯೂಟರುಗಳೇ ತುಂಬಿರುವ ಒಂದು ಕಚೇರಿ ಕಟ್ಟಡಕ್ಕೆ 500 ಕೆವಿಎ ಡ್ರೈ ಟೈಪ್ ಟ್ರಾನ್ಸ್‌ಫಾರ್ಮರ್ ಹಾಕಿದ್ದಾರೆ ಎನ್ನೋಣ. 433 ವೋಲ್ಟ್ ಬದಿಯಲ್ಲಿ ಪ್ರತಿ ಫೇಸಿಗೂ 667 ಆಂಪಿಯರ್ ಕೊಡುವ ಶಕ್ತಿ ಅದಕ್ಕಿದೆ. ಮೀಟರಿನಲ್ಲಿ 600 ಆಂಪಿಯರ್ ಮಾತ್ರ ಕಾಣುತ್ತಿದೆ. ಆದರೂ ಮಧ್ಯಾಹ್ನದ ಹೊತ್ತಿಗೆ ವೈಂಡಿಂಗ್ ತಾಪದ ಅಲಾರಾಂ ಹೊಡೆದುಕೊಳ್ಳುತ್ತದೆ. ಫ್ಯಾನ್ ಹಾಕಿದರೂ ಪೂರ್ತಿ ಪರಿಹಾರ ಸಿಗುವುದಿಲ್ಲ.

ಇಲ್ಲಿ ಕರೆಂಟು ಎಷ್ಟಿದೆ ಎಂಬುದರ ಜೊತೆಗೆ ಅದರ ಆಕಾರವನ್ನೂ ನೋಡಬೇಕು. ಹೀಟರು, ಫಿಲಮೆಂಟ್ ಬಲ್ಬುಗಳು ಅಲೆಯ ಉದ್ದಕ್ಕೂ ಸಮನಾಗಿ ಕರೆಂಟು ಎಳೆಯುತ್ತವೆ. ಕಂಪ್ಯೂಟರಿನ ಪವರ್ ಸಪ್ಲೈ, ಯುಪಿಎಸ್, ಮೋಟಾರು ಡ್ರೈವ್‌ಗಳೊಳಗಿನ ರೆಕ್ಟಿಫೈಯರ್ ಹಾಗೆ ಮಾಡುವುದಿಲ್ಲ. ವೋಲ್ಟೇಜು ಶಿಖರ ಮುಟ್ಟಿದ ಕ್ಷಣದಲ್ಲಿ ಅದು ಗಬಕ್ಕನೆ ಒಂದು ತುಂಡು ಕರೆಂಟು ಎಳೆದು ಸುಮ್ಮನಾಗುತ್ತದೆ. ಇಂಥ ಮೊನಚು ಅಲೆಯನ್ನು ಬಿಡಿಸಿದರೆ ಒಳಗೆ 50 ಹರ್ಟ್ಸ್ ಜೊತೆ 150, 250, 350 ಹರ್ಟ್ಸ್‌ನ ಕರೆಂಟುಗಳೂ ಸಿಗುತ್ತವೆ. ಇವೇ ಮೂರನೇ, ಐದನೇ, ಏಳನೇ ಹಾರ್ಮೋನಿಕ್‌ಗಳು.

ಟ್ರಾನ್ಸ್‌ಫಾರ್ಮರಿನ ತಂತಿ ಎರಡು ಕಾರಣಕ್ಕೆ ಬಿಸಿಯಾಗುತ್ತದೆ. ಒಂದು, ತಂತಿಯ ಸಾಮಾನ್ಯ ರೋಧ. ಇನ್ನೊಂದು, ಬದಲಾಗುವ ಕಾಂತಕ್ಷೇತ್ರ ತಂತಿಯ ಮೈಯೊಳಗೇ ಹುಟ್ಟಿಸುವ ಸುಳಿ ಕರೆಂಟು. ತೊಂದರೆ ಇರುವುದು ಈ ಎರಡನೆಯದರಲ್ಲಿ: ಸುಳಿ ಕರೆಂಟಿನ ನಷ್ಟ ಆವರ್ತನದ ವರ್ಗದಂತೆ ಏರುತ್ತದೆ. ಕರೆಂಟು ಅಷ್ಟೇ ಇದ್ದರೂ ಐದನೇ ಹಾರ್ಮೋನಿಕ್ 25 ಪಟ್ಟು, ಏಳನೆಯದು 49 ಪಟ್ಟು ಸುಳಿ ನಷ್ಟ ತರುತ್ತದೆ. ಈ ಭಾರವನ್ನು ಒಂದೇ ಅಂಕೆಯಲ್ಲಿ ಹೇಳುವುದೇ ಕೆ-ಫ್ಯಾಕ್ಟರ್:

K = Σ(Ih² × h²) / ΣIh²

ನಮ್ಮ ಕಟ್ಟಡದಲ್ಲಿ ಮೂಲ 50 ಹರ್ಟ್ಸ್ ಕರೆಂಟನ್ನು 1 ಎಂದಿಟ್ಟುಕೊಂಡರೆ ಮೂರನೆಯದು 0.6, ಐದನೆಯದು 0.4, ಏಳನೆಯದು 0.2, ಒಂಬತ್ತನೆಯದು 0.1 ಎಂದು ಅನಲೈಸರ್ ತೋರಿಸಿತು ಎನ್ನಿ. ಇವುಗಳ ವರ್ಗಗಳ ಮೊತ್ತ 1.57. ಪ್ರತಿಯೊಂದನ್ನೂ ಅದರ ಕ್ರಮಾಂಕದ ವರ್ಗದಿಂದ ಗುಣಿಸಿ ಕೂಡಿದರೆ 11.01. ಭಾಗಿಸಿದರೆ K ಸುಮಾರು 7. ಹಾರ್ಮೋನಿಕ್ ಇಲ್ಲದ ಶುದ್ಧ ಲೋಡಿಗೆ ಇದು 1 ಮಾತ್ರ.

ಇನ್ನು ಬೇಕಾದದ್ದು ಟ್ರಾನ್ಸ್‌ಫಾರ್ಮರಿನ ಸ್ವಂತ ಗುಣ: ಪೂರ್ಣ ಲೋಡಿನಲ್ಲಿ ರೋಧದ ನಷ್ಟಕ್ಕೆ ಹೋಲಿಸಿದರೆ ಸುಳಿ ನಷ್ಟ ಎಷ್ಟು ಪಾಲು? ಇದು 10 ಶೇಕಡ, ಅಂದರೆ 0.1 ಎಂದಿಟ್ಟುಕೊಳ್ಳಿ. ಐಇಇಇ ಸಿ57.110 ದಾಖಲೆಯ ಸೂತ್ರದಲ್ಲಿ ಇದನ್ನು ಹಾಕಿದರೆ:

Imax = √[(1 + 0.1) / (1 + 7 × 0.1)] = 0.80

ಅಂದರೆ ಈ ಲೋಡಿಗೆ ಟ್ರಾನ್ಸ್‌ಫಾರ್ಮರಿನ ನಿಜವಾದ ಮಿತಿ ಸುಮಾರು 535 ಆಂಪಿಯರ್, 400 ಕೆವಿಎ. 600 ಆಂಪಿಯರ್ ಹರಿದಾಗ ತಂತಿಯ ನಷ್ಟ ವಿನ್ಯಾಸದ ಮಿತಿಗಿಂತ ಸುಮಾರು 25 ಶೇಕಡ ಮೇಲೇರಿರುತ್ತದೆ. ಅಲಾರಾಂ ಹೊಡೆದದ್ದು ಅದಕ್ಕೇ. ಸುಳಿ ನಷ್ಟದ ಪಾಲು 5 ಶೇಕಡ ಮಾತ್ರ ಇದ್ದಿದ್ದರೆ ಮಿತಿ 0.88ಕ್ಕೆ ಏರುತ್ತಿತ್ತು; 15 ಶೇಕಡ ಇದ್ದರೆ 0.75ಕ್ಕೆ ಇಳಿಯುತ್ತಿತ್ತು. K ಒಂದನ್ನೇ ಹಿಡಿದುಕೊಂಡು 'ಇಷ್ಟು ಕಡಿತ ಮಾಡಿ' ಎನ್ನುವವರ ಮಾತನ್ನು ನಾನು ನಂಬುವುದಿಲ್ಲ.

ಇದರ ಜೊತೆ ನ್ಯೂಟ್ರಲ್ ತಂತಿಯ ಕಥೆಯೂ ಇದೆ. ಮೂರು ಫೇಸುಗಳ 50 ಹರ್ಟ್ಸ್ ಕರೆಂಟುಗಳು ಸಮತೋಲದಲ್ಲಿದ್ದರೆ ನ್ಯೂಟ್ರಲಿನಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ಮೂರನೇ ಮತ್ತು ಒಂಬತ್ತನೇ ಹಾರ್ಮೋನಿಕ್‌ಗಳು ಮಾತ್ರ ಒಂದೇ ಹೊತ್ತಿಗೆ ಏರಿಳಿದು ಅಲ್ಲಿ ಕೂಡಿಕೊಳ್ಳುತ್ತವೆ. ಮೇಲಿನ ಲೆಕ್ಕದಲ್ಲಿ ಫೇಸಿನಲ್ಲಿ 600 ಆಂಪಿಯರ್ ಇದ್ದಾಗ ನ್ಯೂಟ್ರಲಿನಲ್ಲಿ ಸುಮಾರು 870 ಆಂಪಿಯರ್! ಟ್ರಾನ್ಸ್‌ಫಾರ್ಮರಿನ ಲೋಡ್ ತಗ್ಗಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. 535 ಆಂಪಿಯರಿಗೆ ಇಳಿಸಿದರೂ ನ್ಯೂಟ್ರಲಿನಲ್ಲಿ 780ರ ಹತ್ತಿರ ಉಳಿಯುತ್ತದೆ. ಅದಕ್ಕೇ ಕೆ-ರೇಟೆಡ್ ಟ್ರಾನ್ಸ್‌ಫಾರ್ಮರುಗಳಲ್ಲಿ ನ್ಯೂಟ್ರಲನ್ನು ಎರಡರಷ್ಟು ದಪ್ಪ ಮಾಡಿರುತ್ತಾರೆ. ಅವು K-4, K-13, K-20 ಮುಂತಾದ ದರ್ಜೆಗಳಲ್ಲಿ ಬರುತ್ತವೆ.

ಅಳೆಯುವಾಗ ಟ್ರೂ ಆರ್‌ಎಂಎಸ್ ಮೀಟರೇ ಇರಲಿ. ಅಗ್ಗದ ಕ್ಲಾಂಪ್ ಮೀಟರ್ ಮೊನಚು ಅಲೆಯನ್ನು ಕಮ್ಮಿ ತೋರಿಸುತ್ತದೆ. 433 ವೋಲ್ಟ್ ಬದಿಯಲ್ಲೇ ಅಳೆಯಿರಿ. ಮೂರನೇ ಹಾರ್ಮೋನಿಕ್ ಡೆಲ್ಟಾ ವೈಂಡಿಂಗಿನಲ್ಲೇ ಸುತ್ತುತ್ತಾ ಉಳಿಯುವುದರಿಂದ 11 ಕೆವಿ ಬದಿಗೆ ಬಹುಮಟ್ಟಿಗೆ ಕಾಣುವುದೇ ಇಲ್ಲ. ಲೋಡ್ ಗರಿಷ್ಠ ಇರುವ ಹೊತ್ತನ್ನೇ ಆರಿಸಿಕೊಳ್ಳಿ. ರಾತ್ರಿಯ ಹೊತ್ತು K ದೊಡ್ಡದಾಗಿ ಕಂಡರೂ ಕರೆಂಟು ಅಷ್ಟು ಕಮ್ಮಿ ಇದ್ದಾಗ ಭಯವಿಲ್ಲ. ಪವರ್ ಫ್ಯಾಕ್ಟರ್ ತಿದ್ದುವ ಸರ್ಕ್ಯೂಟ್ ಇರುವ ಹೊಸ ಕಂಪ್ಯೂಟರುಗಳಲ್ಲಿ ಮೂರನೇ ಹಾರ್ಮೋನಿಕ್ ಬಹಳ ಇಳಿದಿದೆ, ಹಾಗಾಗಿ ಹಳೆಯ ಕೋಷ್ಟಕ ನೋಡಿ ಊಹೆ ಮಾಡಬೇಡಿ. ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗಲೇ ತಯಾರಕರಿಂದ ಸುಳಿ ನಷ್ಟದ ಅಂಕಿಯನ್ನು ಬರಹದಲ್ಲಿ ಕೇಳಿ ಪಡೆಯಿರಿ.