230 ವೋಲ್ಟಿನ ಮೋಟರಿಗೆ 440ರ ಕಂಡೆನ್ಸರ್ ಏಕೆ?

ಕಲಘಟಗಿ ತಾಲ್ಲೂಕಿನ ತಂಬೂರದಿಂದ ಓದುಗರೊಬ್ಬರ ಪ್ರಶ್ನೆ: ‘ನಮ್ಮ ಬೋರಿನ ಸಿಂಗಲ್ ಫೇಸ್ ಮೋಟರಿಗೆ ಬರೋದು 230 ವೋಲ್ಟ್. ಮತ್ತ ಕಂಡೆನ್ಸರ್ ಮ್ಯಾಲೆ 440 ಅಂತ ಯಾಕ ಬರದಿರ್ತಾರ್ರೀ?’

ಕಂಡೆನ್ಸರ್ ಕರೆಂಟನ್ನು ಹುಟ್ಟಿಸುತ್ತದೆ ಎಂದು ನಂಬಿದವರು ಬಹಳ ಮಂದಿ. ಅದು ಶುದ್ಧ ಸುಳ್ಳು. ಆದರೂ ಅದರ ಎರಡು ತುದಿಗಳ ನಡುವೆ 230ಕ್ಕಿಂತ ಹೆಚ್ಚು ವೋಲ್ಟೇಜ್ ಇರುವುದು ನಿಜ. ಲೆಕ್ಕ ಹಾಕಿಯೇ ನೋಡೋಣ.

ಮನೆಯ ಸಪ್ಲೈ ಸೆಕೆಂಡಿಗೆ 50 ಸಲ ಏರಿಳಿಯುವ ಅಲೆ: `v = 325 cos 314t`. ಮೀಟರು ತೋರಿಸುವ 230, ಈ 325ನ್ನು √2ರಿಂದ ಭಾಗಿಸಿದಾಗ ಬರುವ ಸಂಖ್ಯೆ. ಸರ್ಕಿಟ್ಟಿನಲ್ಲಿ ಎಲ್ಲವೂ ಇದೇ 50ರ ವೇಗದಲ್ಲಿ ಏರಿಳಿಯುವಾಗ `314t`ಯನ್ನು ಸಾಲುಸಾಲಿಗೂ ಹೊತ್ತು ತಿರುಗುವುದೇಕೆ? ಅದನ್ನು ಬದಿಗಿಟ್ಟು ಅಳತೆ, ಕೋನ ಎರಡನ್ನೇ ಉಳಿಸಿಕೊಂಡರೆ ಅದೇ ಫೇಸರ್: `230∠0°`. 1893ರಲ್ಲಿ ಷಿಕಾಗೋದ ವಿದ್ಯುತ್ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಈ ದಾರಿ ತೋರಿಸಿಕೊಟ್ಟ.

ಓಡುತ್ತಿರುವ ಮೋಟರಿನ ಸಹಾಯಕ ಸುರುಳಿ `120 + j69` ಓಮ್ ಎಂದಿಟ್ಟುಕೊಳ್ಳೋಣ. ಅದಕ್ಕೆ ಸರಣಿಯಲ್ಲಿರುವ 20 ಮೈಕ್ರೋಫ್ಯಾರಡ್ ಕಂಡೆನ್ಸರ್ 50 ಹರ್ಟ್ಸ್‌ನಲ್ಲಿ `−j159` ಓಮ್. ಕೂಡಿದರೆ `120 − j90`, ಅಂದರೆ `150∠−37°`. 230ನ್ನು ಇದರಿಂದ ಭಾಗಿಸಿದರೆ ಕರೆಂಟು `1.533∠37°` ಆಂಪಿಯರ್. ಇದನ್ನು `−j159`ರಿಂದ ಗುಣಿಸಿದರೆ ಕಂಡೆನ್ಸರಿನ ವೋಲ್ಟೇಜ್ `244∠−53°`. ಸುರುಳಿಯದು `212∠67°`.

244ಕ್ಕೆ 212 ಕೂಡಿದರೆ 456! ಮೀಟರು ಕೆಟ್ಟಿಲ್ಲ. ಎರಡು ಎತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆದರೆ ಎರಡರ ಬಲವೂ ಪೂರ್ತಿ ಕೂಡುವುದಿಲ್ಲವಲ್ಲ, ಹಾಗೆಯೇ ಇದು. ಇಲ್ಲಿ ಎರಡರ ನಡುವೆ 120 ಡಿಗ್ರಿ ಅಂತರವಿದೆ. ಕೋನ ಲೆಕ್ಕಕ್ಕೆ ಹಿಡಿದು ಕೂಡಿದರೆ ಬರುವುದು ಸರಿಯಾಗಿ 230.

ಈಗ ಅಲೆಗೆ ಮರಳೋಣ. ವಿದ್ಯಾರ್ಥಿಗಳು ಎಡವುವುದು ಇಲ್ಲೇ: 244ನ್ನು √2ರಿಂದ ಗುಣಿಸುವುದನ್ನು ಮರೆಯುತ್ತಾರೆ. ಗುಣಿಸಿ, ಬದಿಗಿಟ್ಟ `314t`ಯನ್ನು ಮತ್ತೆ ಸೇರಿಸಿದರೆ ಕಂಡೆನ್ಸರಿನದು `345 cos(314t − 53°)`, ಸುರುಳಿಯದು `300 cos(314t + 67°)`. `314t` ರೇಡಿಯನ್‌ನಲ್ಲಿದೆ, 53 ಡಿಗ್ರಿಯಲ್ಲಿದೆ. ಕ್ಯಾಲ್ಕ್ಯುಲೇಟರಿಗೆ ಎರಡನ್ನೂ ಹಾಗೇ ತುಂಬಿದರೆ ಉತ್ತರ ಕೆಟ್ಟಿತು.

ಲೆಕ್ಕ ಸರಿಯೋ ತಪ್ಪೋ ತಿಳಿಯಲು `t = 0` ಇಟ್ಟು ನೋಡಿ. ಕಂಡೆನ್ಸರಿನಲ್ಲಿ 208, ಸುರುಳಿಯಲ್ಲಿ 117. ಕೂಡಿದರೆ ಸಪ್ಲೈನ 325.

ಸ್ವಿಚ್ ಒತ್ತಿದ ಮೊದಲ ಗಳಿಗೆಗೆ ಈ ಲೆಕ್ಕ ನಡೆಯದು. ಅಲೆ ಸ್ಥಿರವಾದ ಮೇಲಷ್ಟೇ ನಡೆಯುತ್ತದೆ. ಚೌಕಾಕಾರದ ಅಲೆ ಕೊಡುವ ಅಗ್ಗದ ಇನ್ವರ್ಟರಿಗೆ ಒಂದೇ ಫೇಸರ್ ಸಾಲದು. ಇನ್ನು ಕಂಡೆನ್ಸರ್: ನಮ್ಮ ಲೆಕ್ಕದಲ್ಲೇ 244 ವೋಲ್ಟ್ ಹೊರುವುದಕ್ಕೆ 230ರದನ್ನು ಹಾಕಿದರೆ ಅದು ಬಾಳುವುದೆಂತು? 250 ವೋಲ್ಟಿನದೂ 244ಕ್ಕೆ ತೀರ ಹತ್ತಿರ; ಅಂಗಡಿಯವನು ಅದು ಅಗ್ಗ ಎಂದರೂ 440ರದನ್ನೇ ಕೇಳಿ.