ಹಳೇ ಗಿರಾಕಿ ಕರೆತಂದ ಹೊಸ ಗಿರಾಕಿ

ಶಿರಸಿ ಕಡೆಯ ಒಂದು ಆನ್‌ಲೈನ್ ಅಂಗಡಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಸಾರಿನ ಪುಡಿ, ಚಟ್ನಿಪುಡಿ ಮಾರುವ ಅಂಗಡಿ. ಗಿರಾಕಿಗಳಲ್ಲಿ ಹೆಚ್ಚಿನವರು ಊರು ಬಿಟ್ಟು ಬೆಂಗಳೂರಿನಲ್ಲಿ ನೆಲೆಸಿದ ಮಲೆನಾಡಿನವರು. ರುಚಿ ಹಿಡಿಸಿದರೆ ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತರಿಸುತ್ತಾರೆ, ಊಟಕ್ಕೆ ಬಂದ ನೆಂಟರಿಗೂ ಅಂಗಡಿಯ ಹೆಸರು ಹೇಳಿ ಕಳಿಸುತ್ತಾರೆ. ಹೇಗೂ ಹೇಳುತ್ತಿದ್ದಾರಲ್ಲ, ಹೇಳಿದವರಿಗೆ ಏನಾದರೂ ಕೊಟ್ಟರೆ ಇನ್ನಷ್ಟು ಜನ ಬರಬಹುದು ಎಂಬ ಯೋಚನೆ ಮಾಲೀಕರಿಗೆ ಬರುವುದು ಸಹಜ. ಆ ಯೋಚನೆ ಸರಿಯಾದದ್ದೇ. ಆದರೆ ಎಷ್ಟು ಕೊಡಬೇಕು, ಯಾರಿಗೆ, ಯಾವಾಗ ಎಂಬುದನ್ನು ಮೊದಲೇ ಕೂತು ಲೆಕ್ಕ ಹಾಕದಿದ್ದರೆ ವ್ಯಾಪಾರ ಏರಿದಂತೆ ಕಾಣುತ್ತಲೇ ಲಾಭ ಸೋರಿಹೋಗುತ್ತದೆ.

ಮೊದಲು ಎರಡು ಬಗೆಯ ಜನರನ್ನು ಬೇರೆ ಮಾಡಿಕೊಳ್ಳಬೇಕು. ಒಬ್ಬರು, ಮನೆಮಂದಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಈ ಸಾರಿನ ಪುಡಿ ಚೆನ್ನಾಗಿದೆ, ತರಿಸಿ ನೋಡಿ’ ಎನ್ನುವ ಹಳೇ ಗಿರಾಕಿ. ಅವರಿಗೆ ಇರುವುದು ರೆಫರಲ್ ಯೋಜನೆ. ಇನ್ನೊಬ್ಬರು, ಇನ್‌ಸ್ಟಾಗ್ರಾಮ್‌ನಲ್ಲೋ ಯೂಟ್ಯೂಬ್‌ನಲ್ಲೋ ಅಡುಗೆ ವಿಡಿಯೊ ಮಾಡಿ ಸಾವಿರಾರು ಅಪರಿಚಿತರನ್ನು ತಲುಪುವವರು. ಅವರ ಮೂಲಕ ಆದ ಮಾರಾಟಕ್ಕೆ ಕಮಿಷನ್ ಕೊಡುವುದು ಅಫಿಲಿಯೇಟ್ ಯೋಜನೆ. ಮೊದಲನೆಯವರಿಗೆ ನಗದು ಕೊಡಹೋದರೆ ಮುಜುಗರವಾಗುತ್ತದೆ. ಅತ್ತಿಗೆಗೆ ಉಪ್ಪಿನಕಾಯಿ ಶಿಫಾರಸು ಮಾಡಿ ಅದರಲ್ಲಿ ದುಡ್ಡು ಮಾಡಿಕೊಂಡರು ಎನ್ನಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ‘ನನ್ನ ಕೋಡ್ ಹಾಕಿದರೆ ನಿಮಗೆ 75 ರೂಪಾಯಿ ಕಡಿಮೆಯಾಗುತ್ತದೆ’ ಎಂದಾದರೆ ಅವರು ಧಾರಾಳವಾಗಿ ಹೇಳುತ್ತಾರೆ. ಕರೆದವರ ಖಾತೆಗೂ ಮುಂದಿನ ಖರೀದಿಗೆಂದು 75 ರೂಪಾಯಿ ಜಮೆಯಾಗಲಿ. ಡ್ರಾಪ್‌ಬಾಕ್ಸ್ ಕಂಪನಿ ತನ್ನ ಆರಂಭದ ವರ್ಷಗಳಲ್ಲಿ ವೇಗವಾಗಿ ಬೆಳೆದದ್ದರ ಹಿಂದೆ ಇಂಥದೇ ಏರ್ಪಾಡಿತ್ತು. ಕರೆದವರಿಗೂ ಬಂದವರಿಗೂ ಅದು ಹಣದ ಬದಲು ಕಡತಗಳನ್ನಿಡುವ ಹೆಚ್ಚುವರಿ ಜಾಗವನ್ನು, ಅಂದರೆ ತನ್ನದೇ ಸರಕನ್ನು, ಕೊಟ್ಟಿತು.

ಈ 75 ರೂಪಾಯಿ ಎಲ್ಲಿಂದ ಬಂತು? ನಮ್ಮ ಅಂಗಡಿಯ ಸರಾಸರಿ ಆರ್ಡರ್, ತೆರಿಗೆ ಬಿಟ್ಟು, 800 ರೂಪಾಯಿ ಎನ್ನೋಣ. ಸರಕು ಮತ್ತು ಬಾಟಲಿಗೆ 430, ಪ್ಯಾಕಿಂಗ್ ಮತ್ತು ಕೊರಿಯರ್‌ಗೆ 120, ಆನ್‌ಲೈನ್ ಪಾವತಿಯ ಶುಲ್ಕ ಮುಂತಾದವಕ್ಕೆ 20 ಹೋದರೆ ಕೈಯಲ್ಲಿ ಉಳಿಯುವುದು 230. ಬಹುಮಾನ, ಕಮಿಷನ್, ರಿಯಾಯಿತಿ ಎಲ್ಲವೂ ಈ 230ರೊಳಗೇ ಆಗಬೇಕು. ಹೊಸಬರಿಗೆ 75 ಬಿಟ್ಟರೆ 155. ಕರೆದವರು ತಮ್ಮ 75ನ್ನು ಬಳಸಿಕೊಂಡ ದಿನ ಆ ಉಳಿಕೆ 80ಕ್ಕೆ ಇಳಿಯುತ್ತದೆ. ಅಫಿಲಿಯೇಟ್ ಆದರೆ ಗಿರಾಕಿ ಕೊಟ್ಟ 725ಕ್ಕೆ ಶೇ 10ರಂತೆ 72 ರೂಪಾಯಿ 50 ಪೈಸೆ ಕಮಿಷನ್ ಹೋಗಿ 82 ರೂಪಾಯಿ 50 ಪೈಸೆ ಉಳಿಯುತ್ತದೆ. ಹೊಸ ಗಿರಾಕಿ ಎರಡನೇ ಸಲ ತಾನಾಗಿಯೇ ತರಿಸಿದಾಗ ಪೂರ್ತಿ 230 ಸಿಗುತ್ತದೆ ಎಂಬ ಭರವಸೆಯ ಮೇಲೆ ಅಂಗಡಿ ಇಷ್ಟು ಬಿಟ್ಟುಕೊಡುತ್ತದೆ.

ನಿಷ್ಠಾವಂತ ಗಿರಾಕಿಗಳಿರುವ ಅಂಗಡಿಗೆ ಅಪಾಯ ಹುಟ್ಟುವುದು ಅವರ ನಿಷ್ಠೆಯಿಂದಲೇ. ಅಡುಗೆ ವಿಡಿಯೊ ಮಾಡುವವರ ಕೋಡ್ ಅನ್ನು ಹಳೇ ಗಿರಾಕಿಗಳೂ ನೋಡುತ್ತಾರೆ. ಹೇಗೂ ಈ ವಾರ ಚಟ್ನಿಪುಡಿ ತರಿಸಬೇಕಿತ್ತು, ಕೋಡ್ ಹಾಕಿದರೆ 75 ಉಳಿಯಿತಲ್ಲ ಎಂದುಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ. ಆದರೆ 230 ಉಳಿಯಬೇಕಿದ್ದ ಕಡೆ 82 ರೂಪಾಯಿ 50 ಪೈಸೆ ಉಳಿದು ಅಂಗಡಿಗೆ 147 ರೂಪಾಯಿ 50 ಪೈಸೆ ಖೋತಾ. ಕೋಡ್‌ನಿಂದ 100 ಆರ್ಡರ್ ಬಂದು ಅದರಲ್ಲಿ 40 ಹಳಬರದ್ದಾದರೆ ಒಟ್ಟು ಖೋತಾ 5,900 ರೂಪಾಯಿ. ಉಳಿದ 60 ಹೊಸಬರಿಂದ ಬಂದ ಲಾಭ 4,950. ಪರದೆಯ ಮೇಲೆ 72,500 ರೂಪಾಯಿ ಮಾರಾಟ ಕಾಣುತ್ತಿದ್ದರೂ ಆ ತಿಂಗಳು ಯೋಜನೆಯೇ ಇಲ್ಲದಿದ್ದರೆ ಅಂಗಡಿಗೆ 950 ರೂಪಾಯಿ ಹೆಚ್ಚೇ ಉಳಿಯುತ್ತಿತ್ತು.

ಹಾಗಾಗಿ ಕೋಡ್ ಕೆಲಸ ಮಾಡಬೇಕಾದದ್ದು ಮೊದಲ ಖರೀದಿಗೆ ಮಾತ್ರ. ಹೊಸಬರೋ ಹಳಬರೋ ಎಂದು ಗುರುತಿಸಲು ಇಮೇಲ್ ಸಾಲದು, ಅದನ್ನು ಎರಡು ನಿಮಿಷದಲ್ಲಿ ಹೊಸದಾಗಿ ಮಾಡಿಕೊಳ್ಳಬಹುದು. ಒಟಿಪಿ ಕಳಿಸಿ ಖಚಿತಪಡಿಸಿಕೊಂಡ ಮೊಬೈಲ್ ನಂಬರು, ಅದರ ಜೊತೆಗೆ ವಿಳಾಸ, ಹೆಚ್ಚು ನಂಬಿಕೆಗೆ ಅರ್ಹ. ಒಂದೇ ಮನೆಯಿಂದ ಗಂಡ ಒಂದು, ಹೆಂಡತಿ ಒಂದು ನಂಬರಿನಿಂದ ತರಿಸಿದರೆ ಸುಮ್ಮನಿದ್ದುಬಿಡುವುದೇ ಒಳ್ಳೆಯದು, ಅಷ್ಟಕ್ಕೆ ಹಳೇ ಗಿರಾಕಿಯ ಮನಸ್ಸು ಮುರಿಯಬಾರದು. ಅದೇ ವಿಳಾಸಕ್ಕೆ ತಿಂಗಳೊಳಗೆ ಐದನೇ ‘ಹೊಸ’ ಗಿರಾಕಿ ಬಂದರೆ ಜಮೆ ತಡೆಹಿಡಿದು ಒಂದು ಫೋನ್ ಮಾಡಬೇಕು. ಕಾಲು ಸಾವಿರ ಹಿಂಬಾಲಕರೂ ಇಲ್ಲದವರ ಕೋಡ್‌ಗೆ ಒಮ್ಮೆಲೇ ದೇಶದ ಮೂಲೆಮೂಲೆಯಿಂದ ಆರ್ಡರ್ ಬರತೊಡಗಿತೆಂದರೆ ಅದು ಯಾವುದೋ ಕೂಪನ್ ಜಾಲತಾಣಕ್ಕೆ ಸೇರಿಕೊಂಡಿದೆ ಎಂದು ಶಂಕಿಸಬೇಕು. ಅಂಥ ಕೋಡ್ ರದ್ದುಮಾಡಿ ಅವರಿಗೆ ಬೇರೆ ಕೊಡಬೇಕು.

ಲಿಂಕ್ ಕೊಟ್ಟರೆ ಸಾಲದೇ, ಕೋಡ್ ಯಾಕೆ ಎಂದು ಕೇಳಬಹುದು. ಇನ್‌ಸ್ಟಾಗ್ರಾಮ್ ರೀಲ್‌ನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಬಯೋದಲ್ಲೋ ಸ್ಟೋರಿಯಲ್ಲೋ ಹಾಕಬೇಕು. ಹಾಗೆ ಹಾಕಿದ್ದನ್ನು ಒತ್ತಿದರೂ ಅಂಗಡಿಯ ಪುಟ ತೆರೆದುಕೊಳ್ಳುವುದು ಆ ಆ್ಯಪ್‌ನೊಳಗಿನ ಬ್ರೌಸರ್‌ನಲ್ಲಿ. ನೋಡಿದವರು ಸಂಜೆ ಬಿಡುವಾದಾಗ ಕ್ರೋಮ್‌ನಲ್ಲಿ ಅಂಗಡಿಯ ಹೆಸರು ಹುಡುಕಿ ಕೊಂಡರೆ, ಅವರು ಯಾರ ಮೂಲಕ ಬಂದರೆಂಬ ಗುರುತು ಅಳಿಸಿಹೋಗಿರುತ್ತದೆ. ಬಾಯಲ್ಲಿ ಹೇಳಿದ ಕೋಡ್ ಮಾತ್ರ ಸಂಜೆಯವರೆಗೂ ನೆನಪಿರುತ್ತದೆ. `MIDI75` ಎಂಬಂತೆ ಚಿಕ್ಕದಾಗಿ, ಹೇಳಲು ಸುಲಭವಾಗಿರಲಿ. ಲಿಂಕನ್ನೂ ಬಿಡಬೇಕಿಲ್ಲ, ಅದು ಎಲ್ಲಿಂದ ಬಂತೆಂದು ತಿಳಿಯುವ ಹಾಗೆ ಬರೆದಿಟ್ಟರಾಯಿತು:

```
https://example.com/?utm_source=instagram&utm_medium=affiliate&ref=MIDI75
```

ಎರಡರಲ್ಲಿ ಬೇರೆಬೇರೆ ಹೆಸರು ಬಂದರೆ ಕೋಡ್‌ಗೇ ಮಾನ್ಯತೆ ಎಂದು ಒಪ್ಪಂದದಲ್ಲೇ ಬರೆದುಬಿಟ್ಟರೆ ಆಮೇಲೆ ತಕರಾರಿಲ್ಲ.

ಜಮೆಯನ್ನಾಗಲೀ ಕಮಿಷನ್ನನ್ನಾಗಲೀ ಆರ್ಡರ್ ಬಂದ ದಿನ ಕೊಡಬಾರದು. ಕ್ಯಾಶ್ ಆನ್ ಡೆಲಿವರಿಯಲ್ಲಿ ಬಾಗಿಲು ತೆರೆಯದೆ, ಫೋನ್ ಎತ್ತದೆ ವಾಪಸಾಗುವ ಪಾರ್ಸೆಲ್‌ಗಳಿರುತ್ತವೆ. ಹೋಗಿಬರುವ ಕೊರಿಯರ್ ಖರ್ಚು ಅಂಗಡಿಯ ತಲೆಗೇ. ಸರಕು ತಲುಪಿ, ಹಿಂದಿರುಗಿಸುವ ಅವಧಿಯೂ ಮುಗಿದ ಮೇಲೆ ಹಣ ಖಚಿತವಾಗುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಬೇಕು. ಅಲ್ಲಿಯವರೆಗೆ ಗಿರಾಕಿಯ ಖಾತೆಯಲ್ಲಿ ‘ಬರಬೇಕಾದದ್ದು’ ಎಂದು ಕಾಣುತ್ತಿದ್ದರೆ ಅನುಮಾನಕ್ಕೆ ಎಡೆಯಿರುವುದಿಲ್ಲ. ಕರೆಯಿರಿ ಎಂದು ಕೇಳುವುದಕ್ಕೂ ಹೊತ್ತುಗೊತ್ತಿದೆ. ಉಪ್ಪಿನಕಾಯಿಯ ಮುಚ್ಚಳ ತೆರೆಯುವ ಮೊದಲೇ ಕೇಳಿದರೆ ಪ್ರಯೋಜನವಿಲ್ಲ, ಎರಡನೇ ಪಾರ್ಸೆಲ್ ತಲುಪಿದ ಮೇಲೆ ಕೇಳಬೇಕು. ಎರಡನೇ ಸಲ ತರಿಸಿದ್ದೇ ಅವರಿಗೆ ರುಚಿ ಹಿಡಿಸಿದ್ದಕ್ಕೆ ಸಾಕ್ಷಿ.

ಕಾನೂನಿನ ಎರಡು ವಿಷಯ ಇಲ್ಲಿ ಹೇಳಲೇಬೇಕು. ಹಣವೋ ಉಚಿತ ಸರಕೋ ರಿಯಾಯಿತಿಯೋ ಪಡೆದು ಶಿಫಾರಸು ಮಾಡುವವರು ಅದನ್ನು ನೋಡುಗರಿಗೆ ಎದ್ದುಕಾಣುವಂತೆ ಹೇಳಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇನ್ನೊಂದು, ಬಹುಮಾನ ಒಂದೇ ಹಂತಕ್ಕೆ ನಿಲ್ಲಬೇಕು. ಕರೆದವರು ಕರೆದವರನ್ನು ಕರೆದರೆ ಮೊದಲಿನವರಿಗೂ ಪಾಲು ಎಂದು ಹಂತ ಕಟ್ಟುತ್ತ ಹೋದರೆ ಅದು ಸರಪಳಿ ಯೋಜನೆಯ ದಾರಿ ಹಿಡಿಯುತ್ತದೆ. ಅಂಥವನ್ನು ತಡೆಯಲು 1978ರ ಕಾಯ್ದೆಯೂ 2021ರ ನೇರ ಮಾರಾಟ ನಿಯಮಗಳೂ ಇವೆ.

ಯೋಜನೆ ಫಲಿಸಿತೇ ಎಂದು ನೋಡಲು ನಾಲ್ಕು ತಿಂಗಳಾದರೂ ಕಾಯಬೇಕು, ಏಕೆಂದರೆ ನಮ್ಮ ಅಂಗಡಿಯಲ್ಲಿ ಉಪ್ಪಿನಕಾಯಿ ಖಾಲಿಯಾಗಲು ಎರಡು ಮೂರು ತಿಂಗಳು ಬೇಕು. ಜರ್ಮನಿಯ ಒಂದು ಬ್ಯಾಂಕಿನ ಗ್ರಾಹಕರನ್ನು ಅಭ್ಯಸಿಸಿ 2011ರಲ್ಲಿ ಪ್ರಕಟವಾದ ಸಂಶೋಧನೆ, ಪರಿಚಿತರ ಮೂಲಕ ಬಂದವರು ಉಳಿದವರಿಗಿಂತ ಹೆಚ್ಚು ಕಾಲ ಉಳಿಯುತ್ತಾರೆಂದು ತೋರಿಸಿತು. ಬ್ಯಾಂಕಿಗೆ ನಿಜವಾದದ್ದು ಉಪ್ಪಿನಕಾಯಿಗೂ ನಿಜವೇ ಎಂಬುದನ್ನು ಪ್ರತಿ ಕೋಡ್‌ನ ಮುಂದೆ ಎರಡು ಸಂಖ್ಯೆ ಬರೆದೇ ತಿಳಿಯಬೇಕು: ಎಷ್ಟು ಹೊಸಬರು ಬಂದರು, ಅವರಲ್ಲಿ ಎಷ್ಟು ಮಂದಿ ಎರಡನೇ ಸಲ ಕೋಡ್ ಇಲ್ಲದೆ ತರಿಸಿದರು. 60 ಜನರನ್ನು ಕರೆತಂದು ಅವರಲ್ಲಿ ಐದೇ ಮಂದಿ ಮರಳಿದ ವಿಡಿಯೊದವರಿಗಿಂತ, 12 ಜನರನ್ನು ಕರೆತಂದು ಎಂಟು ಮಂದಿ ಮರಳಿದ ಹಳೇ ಗಿರಾಕಿ ಅಂಗಡಿಗೆ ಹೆಚ್ಚು ಬೆಲೆಬಾಳುತ್ತಾರೆ. ಮುಂದಿನ ಕಂತಿನ ಹಣವನ್ನು ಅವರ ಕಡೆಗೆ ತಿರುಗಿಸಿ, ಜಮೆಯನ್ನು 75ರಿಂದ 100ಕ್ಕೆ ಏರಿಸಿದರೂ ಹೊಸಬರ ಮೊದಲ ಆರ್ಡರ್‌ನಲ್ಲಿ 55 ರೂಪಾಯಿ ಉಳಿದೇ ಇರುತ್ತದೆ.